ಇಪ್ಪತ್ತು ಸಾವಿರ ಮುಚ್ಚಳಕ್ಕೆ ಒಂದು ಪಾಳಿ

ಬೆಂಗಳೂರಿನ ಪೀಣ್ಯದಲ್ಲಿರುವಂಥ ಒಂದು ಸಣ್ಣ ಪ್ಲಾಸ್ಟಿಕ್ ಮೋಲ್ಡಿಂಗ್ ಘಟಕವನ್ನು ಕಣ್ಣ ಮುಂದೆ ತಂದುಕೊಳ್ಳಿ. ನಾಲ್ಕು ಮೆಷಿನ್, ನಾಲ್ಕು ಮೋಲ್ಡ್, ಮಾಡುವುದೆಲ್ಲ ಬಕೆಟ್ಟಿನ ಮುಚ್ಚಳ. ಒಂದೊಂದು ಮೆಷಿನ್ 30 ಸೆಕೆಂಡಿಗೊಂದು ಮುಚ್ಚಳ ಹೊರಹಾಕುತ್ತದೆ. ಮೆಷಿನ್ ಕಾಯುವ ಹೊತ್ತು, ಕೆಟ್ಟು ನಿಲ್ಲುವ ಹೊತ್ತು, ರಿಜೆಕ್ಟ್ ಆದ ಪೀಸು ಎಲ್ಲ ಕಳೆದರೆ ದಿನಕ್ಕೆ ಎಂಟು ಗಂಟೆಯ ಒಂದು ಪಾಳಿ, ತಿಂಗಳಿಗೆ 26 ದಿನ ದುಡಿದಾಗ ಸಿಗುವುದು ಸುಮಾರು 90,000 ಮುಚ್ಚಳ. ಘಟಕ ಕಲ್ಪಿತ, ಅಂಕಿಗಳು ಲೆಕ್ಕ ಸಲೀಸಾಗಲೆಂದು ನಾನೇ ಇಟ್ಟವು. ಆದರೆ ಇಲ್ಲಿ ಆಗುವ ತಪ್ಪು ಕಲ್ಪಿತವಲ್ಲ. ಸಣ್ಣ ಕಾರ್ಖಾನೆಗಳ ಅಂದಾಜು ಪಟ್ಟಿಗಳನ್ನು ನೋಡುವ ಕೆಲಸದಲ್ಲಿ ನಾನು ಅದನ್ನು ಮತ್ತೆ ಮತ್ತೆ ಕಂಡಿದ್ದೇನೆ.

ಈ ಘಟಕದ ಖರ್ಚು ಮೂರು ಬಗೆಯದು. ಪ್ಲಾಸ್ಟಿಕ್ಕು, ಕರೆಂಟು, ಪ್ಯಾಕಿಂಗು ಸೇರಿ ಮುಚ್ಚಳವೊಂದಕ್ಕೆ 5 ರೂಪಾಯಿ. ಮುಚ್ಚಳ ಹೆಚ್ಚಿದಷ್ಟೂ ಇದು ಹೆಚ್ಚುತ್ತದೆ. ಶೆಡ್ಡಿನ ಬಾಡಿಗೆ, ಮೆಷಿನ್ ಸಾಲದ ಕಂತು, ಆಫೀಸಿನ ನಾಲ್ವರ ಸಂಬಳ ಸೇರಿ ತಿಂಗಳಿಗೆ 2,70,000 ರೂಪಾಯಿ. ಒಂದು ಮುಚ್ಚಳ ಮಾಡದಿದ್ದರೂ ಇದನ್ನು ಕಟ್ಟಲೇಬೇಕು. ಮೂರನೆಯದು ಪಾಳಿಯ ಖರ್ಚು. ಒಬ್ಬ ಸೂಪರ್‌ವೈಸರ್ 35,000, ಒಬ್ಬ ಫಿಟ್ಟರ್ 25,000, ಮೆಷಿನ್ನಿನ ಮುಂದೆ ನಿಲ್ಲುವ ನಾಲ್ವರು ಮತ್ತು ಇಬ್ಬರು ಹೆಲ್ಪರುಗಳಿಗೆ ತಲಾ 20,000. ಒಟ್ಟು 1,80,000.

ಮೂರನ್ನೂ ಕೂಡಿದರೆ 90,000 ಮುಚ್ಚಳಕ್ಕೆ 9,00,000 ರೂಪಾಯಿ. ಒಂದಕ್ಕೆ 10 ರೂಪಾಯಿ ಬಿತ್ತು. ಮಾರುವ ದರ 11. ತಿಂಗಳಿಗೆ 90,000 ಲಾಭ. ಎಲ್ಲವೂ ಚೆನ್ನಾಗಿಯೇ ಇದೆ.

ಆಗ ಹೊಸ ಗಿರಾಕಿ ಬರುತ್ತಾನೆ. ತಿಂಗಳಿಗೆ 20,000 ಮುಚ್ಚಳ ಬೇಕು, 8 ರೂಪಾಯಿಯಂತೆ ಕೊಡುತ್ತೀರಾ ಎನ್ನುತ್ತಾನೆ. ಮಾಲೀಕರು ಕ್ಯಾಲ್ಕುಲೇಟರ್ ತೆಗೆಯುತ್ತಾರೆ. ಬಾಡಿಗೆ, ಕಂತು ಹೇಗೂ ಹಳೆಯ ಆರ್ಡರಿನಲ್ಲೇ ಹುಟ್ಟಿದೆ. ಮಾಲಿಗೆ 5 ರೂಪಾಯಿ, ಕೂಲಿ 1,80,000ವನ್ನು 90,000ದಿಂದ ಭಾಗಿಸಿದರೆ 2 ರೂಪಾಯಿ, ಒಟ್ಟು 7. ಎಂಟಕ್ಕೆ ಕೊಟ್ಟರೆ ಒಂದು ರೂಪಾಯಿ ಉಳಿಯಿತು, 20,000ಕ್ಕೆ 20,000 ಲಾಭ. ಆರ್ಡರ್ ಒಪ್ಪಿಕೊಳ್ಳುತ್ತಾರೆ.

ತಿಂಗಳ ಕೊನೆಗೆ ನೋಡಿದರೆ ಲಾಭ ಹೆಚ್ಚಿಲ್ಲ. ಇದ್ದ 90,000 ಕರಗಿ, 30,000 ಕೈಯಿಂದ ಹೋಗಿದೆ.

ಆಗಿದ್ದು ಇಷ್ಟೆ. ಮೊದಲ ಪಾಳಿಯಲ್ಲಿ ಜಾಗವೇ ಇರಲಿಲ್ಲ. 90,000 ದಾಟಿದ ಮೊದಲ ಮುಚ್ಚಳಕ್ಕೇ ಎರಡನೇ ಪಾಳಿ ಶುರುವಾಗಬೇಕಾಯಿತು. ಪಾಳಿ ಎಂದರೆ ಮೆಷಿನ್ನಿನ ಮುಂದೆ ಜನ ಬೇಕು, ಅವರನ್ನು ನೋಡಿಕೊಳ್ಳಲು ಸೂಪರ್‌ವೈಸರ್ ಬೇಕು, ಮೋಲ್ಡ್ ಕಚ್ಚಿಕೊಂಡರೆ ಬಿಡಿಸಲು ಫಿಟ್ಟರ್ ಬೇಕು. ತಿಂಗಳಿಗೆ 20,000 ಮುಚ್ಚಳಕ್ಕಾಗಿ ಕಾಲು ಭಾಗ ಸೂಪರ್‌ವೈಸರನ್ನು ಯಾರೂ ಬಾಡಿಗೆಗೆ ಕೊಡುವುದಿಲ್ಲ. 1,80,000 ಇಡಿಯಾಗಿ ಏರಿತು. ಗಿರಾಕಿ ಕೊಟ್ಟ 1,60,000ದಲ್ಲಿ ಮಾಲಿಗೇ 1,00,000 ಹೋಯಿತು. ಉಳಿದ 60,000 ಹೊಸ ಪಾಳಿಯ ಮೂರನೇ ಒಂದು ಭಾಗಕ್ಕೂ ಸರಿಹೋಗಿ ನಿಂತಿತು. ಮಿಕ್ಕ 1,20,000 ಹಳೆಯ ಲಾಭವನ್ನು ತಿಂದು ಕೆಳಗಿಳಿಯಿತು.

ಹೀಗೆ ಸ್ವಲ್ಪ ದೂರ ಸಮತಟ್ಟಾಗಿದ್ದು, ಒಂದು ಅಂಚು ದಾಟಿದ ಕೂಡಲೇ ಒಮ್ಮೆಗೇ ಮೇಲೇಳುವ ಖರ್ಚನ್ನು ಮೆಟ್ಟಿಲು ಖರ್ಚು ಎನ್ನಬಹುದು. ಒಂದು ಮೆಟ್ಟಿಲಿನ ಮೇಲೆ ನಿಂತು ಮಾಡಿದ ಲೆಕ್ಕ ಎಲ್ಲಿಂದ ಎಲ್ಲಿಯವರೆಗೆ ನಿಜವೋ ಆ ಅಗಲಕ್ಕೆ ಕಾಸ್ಟ್ ಅಕೌಂಟಿಂಗ್‌ನಲ್ಲಿ ರೆಲೆವೆಂಟ್ ರೇಂಜ್ ಎಂದು ಹೆಸರು. ಕನ್ನಡದಲ್ಲಿ ಅನ್ವಯ ವ್ಯಾಪ್ತಿ ಎನ್ನೋಣ. ಮಾಲೀಕರ 7 ರೂಪಾಯಿ ಸುಳ್ಳಲ್ಲ. ಎರಡನೇ ಪಾಳಿಯೂ ತುಂಬಿ, ಅದರಲ್ಲೂ 90,000 ಮುಚ್ಚಳ ಬಂದರೆ ಹೆಚ್ಚುವರಿ ಮುಚ್ಚಳಕ್ಕೆ ಬೀಳುವುದು ನಿಜಕ್ಕೂ 7 ರೂಪಾಯಿಯೇ. ಆದರೆ ಈ ಆರ್ಡರ್ ಮೆಟ್ಟಿಲು ಹತ್ತಿದ ಕೂಡಲೇ ನಿಂತುಬಿಟ್ಟಿತು. 20,000 ಮುಚ್ಚಳದ ಮೇಲೆ 1,80,000 ಹಂಚಿದರೆ ಒಂದಕ್ಕೆ 9. ಮಾಲಿನ 5 ಸೇರಿ 14 ರೂಪಾಯಿ. ಅದೇ ಮೆಷಿನ್, ಅದೇ ಮುಚ್ಚಳ. ಒಂದು ಕಡೆ 7, ಇನ್ನೊಂದು ಕಡೆ 14.

ಗಿರಾಕಿ ಪೂರ್ತಿ 11 ರೂಪಾಯಿ ಕೊಟ್ಟಿದ್ದರೆ? ಆಗಲೂ ಸಾಲದು. ಪ್ರತಿ ಮುಚ್ಚಳದಲ್ಲಿ ಮಾಲು ಕಳೆದು ಉಳಿಯುವುದು 6 ರೂಪಾಯಿ, 20,000ಕ್ಕೆ 1,20,000. ಹೊಸ ಪಾಳಿಗೆ ಇನ್ನೂ 60,000 ಕಡಿಮೆ. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಇಲ್ಲೊಂದು ಗುಂಡಿ ಇದೆ. ಮೊದಲ ಪಾಳಿಯಲ್ಲಿ 75,000 ಮುಚ್ಚಳ ಮಾರಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅಲ್ಲಿಂದ 90,000ದವರೆಗೆ ಲಾಭ ಏರುತ್ತದೆ. 90,000 ದಾಟಿದ ಕೂಡಲೇ ಮತ್ತೆ ನಷ್ಟಕ್ಕೆ ಬಿದ್ದು, 1,05,000ಕ್ಕೆ ಬಂದಾಗ ಎರಡನೇ ಸಲ ಸಮನಾಗುತ್ತದೆ. 90,000 ಮುಚ್ಚಳ ಮಾರಿ ಗಳಿಸುತ್ತಿದ್ದ ಅದೇ ಲಾಭ ಮರಳಿ ಸಿಗುವುದು 1,20,000 ಮುಚ್ಚಳ ಮಾರಿದಾಗ. ಅಂದರೆ ನಡುವಿನ 30,000 ಮುಚ್ಚಳದುದ್ದಕ್ಕೂ ಕಾರ್ಖಾನೆ ಹೆಚ್ಚು ದುಡಿದು ಕಡಿಮೆ ಗಳಿಸುತ್ತದೆ. ವ್ಯಾಪಾರ ಬೆಳೆಯುತ್ತಿದೆ ಎಂದು ಸಂತೋಷಪಡುವ ಎಷ್ಟೋ ಘಟಕಗಳು ಕೈಯಲ್ಲಿ ದುಡ್ಡಿಲ್ಲವೆಂದು ಒದ್ದಾಡುವುದು ಇಂಥ ಗುಂಡಿಯಲ್ಲೇ ಎಂಬುದು ನನ್ನ ಅನುಭವ.

ಹಾಗೆಂದು ಆರ್ಡರ್ ಬಿಡಲೇಬೇಕೆಂದಿಲ್ಲ. ಮೆಟ್ಟಿಲು ಹತ್ತದೆ ಅಂಚಿನಲ್ಲೇ ಸ್ವಲ್ಪ ಮುಂದೆ ವಾಲುವ ದಾರಿಯೊಂದಿದೆ, ಅದು ಓಟಿ. ಗಂಟೆಗೆ ಸುಮಾರು 433 ಮುಚ್ಚಳ ಬರುವುದಾದರೆ 20,000ಕ್ಕೆ ತಿಂಗಳಿಗೆ 46 ಗಂಟೆ ಸಾಕು, ದಿನಕ್ಕೆ ಎರಡು ಗಂಟೆಗೂ ಕಡಿಮೆ. ಓಟಿಗೆ ಕಾನೂನಿನ ಪ್ರಕಾರ ಎರಡರಷ್ಟು ಕೂಲಿ. ಪಾಳಿಯ ಎಂಟೂ ಜನಕ್ಕೆ ಹಾಗೇ ಕೊಟ್ಟರೂ 80,000 ರೂಪಾಯಿ ಆಗುತ್ತದೆ. ಮುಚ್ಚಳವೊಂದಕ್ಕೆ 4 ರೂಪಾಯಿ, ಮಾಲಿನ ಜೊತೆ 9. ಗಿರಾಕಿಯ 8 ರೂಪಾಯಿ ಇಲ್ಲಿಗೂ ಮುಟ್ಟುವುದಿಲ್ಲ. ಆದರೆ 11ಕ್ಕೆ ಒಪ್ಪಿಸಿದರೆ 40,000 ಉಳಿಯುತ್ತದೆ. ಎರಡರಷ್ಟು ಕೂಲಿ ಎಂದರೆ ದುಬಾರಿ ಅನಿಸುತ್ತದೆ, ಆದರೂ ಅದು ಅರೆಬರೆ ತುಂಬಿದ ಪಾಳಿಗಿಂತ ಅರ್ಧಕ್ಕೂ ಕಡಿಮೆ. ಮಿತಿ ಇರುವುದು ಬೇರೆ ಕಡೆ. ಮೂರು ತಿಂಗಳಲ್ಲಿ ಎಷ್ಟು ಗಂಟೆ ಓಟಿ ಮಾಡಿಸಬಹುದೆಂದು ಕಾನೂನೇ ಗೆರೆ ಎಳೆದಿದೆ. ದಿನವೂ ಹತ್ತು ಗಂಟೆ ನಿಂತ ಮನುಷ್ಯನ ಕೈಯಲ್ಲಿ ರಿಜೆಕ್ಷನ್ನೂ ಏರುತ್ತದೆ. ಓಟಿ ಕೆಲವು ತಿಂಗಳಿಗೆ ಸರಿ, ವರ್ಷವಿಡೀ ನಡೆಸುವ ಉಪಾಯವಲ್ಲ.

ಎಲ್ಲ ಮೆಟ್ಟಿಲೂ ಒಂದೇ ಅಗಲದವಲ್ಲ. 200 ಮುಚ್ಚಳಕ್ಕೊಂದು ರಟ್ಟಿನ ಡಬ್ಬ ಬೇಕೆಂದರೆ ಅದೂ ಮೆಟ್ಟಿಲೇ, ಆದರೆ ಎಷ್ಟು ಕಿರಿದೆಂದರೆ ಇಳಿಜಾರು ಎಂದೇ ಲೆಕ್ಕ ಹಾಕಬಹುದು. ನಾವು ಸ್ಥಿರ ಎಂದು ಕರೆದ 2,70,000ವೂ ಮೆಟ್ಟಿಲೇ, ತುಂಬ ಅಗಲವಾದದ್ದು ಅಷ್ಟೆ. ಮೂರು ಪಾಳಿಯೂ ತುಂಬಿ 2,70,000 ಮುಚ್ಚಳ ಮುಟ್ಟಿದ ಮೇಲೆ ದಿನದಲ್ಲಿ ಇನ್ನು ಗಂಟೆಗಳಿಲ್ಲ. ಆಗ ಐದನೇ ಮೆಷಿನ್, ಬಹುಶಃ ಇನ್ನೊಂದು ಶೆಡ್. ಅಂದಾಜು ತಪ್ಪುವುದು ಹೆಚ್ಚಾಗಿ ನಡುವಿನ ಅಗಲದ, ಪಾಳಿ ಮತ್ತು ಸೂಪರ್‌ವೈಸರ್‌ನಂಥ ಮೆಟ್ಟಿಲುಗಳಲ್ಲಿ.

ಕೆಲವು ಮೆಟ್ಟಿಲುಗಳನ್ನು ಕಾನೂನೇ ಕಟ್ಟಿಟ್ಟಿದೆ. ನಮ್ಮ ಘಟಕದಲ್ಲಿ ಮೊದಲ ಪಾಳಿಯ ಎಂಟು, ಆಫೀಸಿನ ನಾಲ್ಕು, ಒಟ್ಟು 12 ಜನ. ಎರಡನೇ ಪಾಳಿ ಸೇರಿದರೆ ಸರಿಯಾಗಿ 20. ಇಪ್ಪತ್ತು ಜನ ಆದಾಗ ಭವಿಷ್ಯ ನಿಧಿ ಕಾನೂನು ಘಟಕಕ್ಕೆ ಅನ್ವಯಿಸುತ್ತದೆ, ಹೊಸದಾಗಿ ಬಂದ ಎಂಟು ಜನಕ್ಕೆ ಮಾತ್ರವಲ್ಲ, ಮೊದಲೇ ಇದ್ದ 12 ಜನಕ್ಕೂ. ತಲಾ 15,000 ವೇತನದ ಮೇಲೆ ಮಾಲೀಕರ ಪಾಲು ಶೇ. 12ರಂತೆ 1,800 ಎಂದು ಹಿಡಿದರೆ 20 ಜನಕ್ಕೆ ತಿಂಗಳಿಗೆ 36,000. ಇದು ದುಡಿಯುವವರ ನ್ಯಾಯವಾದ ಪಾಲು, ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಆದರೆ 1,80,000ದ ಲೆಕ್ಕದಲ್ಲಿ ಅದು ಇರಲಿಲ್ಲ. ಆಮೇಲೆ ಆರ್ಡರ್ ಹೋಗಿ ಜನ 20ಕ್ಕಿಂತ ಕಡಿಮೆಯಾದರೂ ಘಟಕ ಆ ಕಾನೂನಿನಿಂದ ಹೊರಬರುವುದಿಲ್ಲ.

ಸಾಮಾನ್ಯವಾಗಿ ಮೆಟ್ಟಿಲು ಖರ್ಚಿನ ಸ್ವಭಾವವೇ ಇದು. ಏರುವುದು ಒಂದೇ ದಿನದಲ್ಲಿ, ಇಳಿಯುವುದು ಬಹಳ ನಿಧಾನ. ಮಾರಾಟ 60,000ಕ್ಕೆ ಕುಸಿದರೆ ಸೂಪರ್‌ವೈಸರನ್ನು ಮೂರನೇ ಎರಡು ಭಾಗ ಮಾಡಲಾಗುವುದಿಲ್ಲ. ಕೆಲಸ ಕಲಿತ ಫಿಟ್ಟರನ್ನು ಕಳಿಸಿದರೆ ಮತ್ತೆ ಸಿಗುವ ಭರವಸೆಯಿಲ್ಲ. ಆಗ ಮುಚ್ಚಳಕ್ಕೆ ಬೀಳುವುದು 12.50 ರೂಪಾಯಿ. ಆದ್ದರಿಂದ ಏರುವಾಗಿನ ಲೆಕ್ಕವನ್ನೇ ತಿರುವಿ ಇಳಿಯುವಾಗಲೂ ಬಳಸಬಾರದು.

ಲೆಕ್ಕದಲ್ಲಿ ಮೆಟ್ಟಿಲು ಅಡಗಿದೆಯೆಂದು ಗೊತ್ತಾಗುವುದು ಹೇಗೆ? ಖರ್ಚು ಅಂದಾಜಿಸಲು ಒಂದು ಸುಲಭ ವಿಧಾನ ರೂಢಿಯಲ್ಲಿದೆ. ಅತಿ ಹೆಚ್ಚು ಉತ್ಪಾದನೆಯಾದ ತಿಂಗಳನ್ನೂ ಅತಿ ಕಡಿಮೆ ಆದ ತಿಂಗಳನ್ನೂ ತೆಗೆದುಕೊಂಡು ನಡುವೆ ನೇರ ಗೆರೆ ಎಳೆಯುವುದು. ನಮ್ಮ ಘಟಕದಲ್ಲಿ 85,000 ಮುಚ್ಚಳದ ತಿಂಗಳಿಗೆ ಖರ್ಚು 8,75,000. ಎರಡು ಪಾಳಿ ನಡೆದ 1,10,000ದ ತಿಂಗಳಿಗೆ, ಭವಿಷ್ಯ ನಿಧಿ ಬಿಟ್ಟು, 11,80,000. ವ್ಯತ್ಯಾಸ 3,05,000ವನ್ನು 25,000ದಿಂದ ಭಾಗಿಸಿದರೆ ಮುಚ್ಚಳಕ್ಕೆ 12.20 ರೂಪಾಯಿ. ಅದನ್ನೇ 85,000ಕ್ಕೆ ಗುಣಿಸಿ ಒಟ್ಟು ಖರ್ಚಿನಿಂದ ಕಳೆದರೆ ಸ್ಥಿರ ಖರ್ಚು ಸಿಗಬೇಕು. ಸಿಗುವುದು ಸೊನ್ನೆಗಿಂತ 1,62,000 ಕೆಳಗೆ! ಬಾಗಿಲು ಮುಚ್ಚಿದರೆ ಯಾರೋ ನಮಗೇ ಬಾಡಿಗೆ ಕೊಡುತ್ತಾರೆ ಎಂದಂತಾಯಿತು. ಸ್ಥಿರ ಖರ್ಚು ಸೊನ್ನೆಗಿಂತ ಕೆಳಗೆ ಬಂದರೆ ಗುಣಾಕಾರವನ್ನು ಮತ್ತೆ ತಾಳೆ ನೋಡಿ. ಅದು ಸರಿಯಿದ್ದರೆ ನಿಮ್ಮ ಗೆರೆ ಒಂದು ಮೆಟ್ಟಿಲನ್ನು ಸೀಳಿಕೊಂಡು ಹೋಗಿದೆ.

ಅಂಚು ಎಲ್ಲಿದೆಯೆಂದು ಟ್ಯಾಲಿಯಲ್ಲಿ ಹುಡುಕಿದರೆ ಬೇಗ ಸಿಗದು. ಹಾಜರಿ ಪುಸ್ತಕ ತೆಗೆದು, ಹೊಸ ಸೂಪರ್‌ವೈಸರ್ ಸೇರಿದ ತಿಂಗಳುಗಳನ್ನು ಗುರುತು ಹಾಕಿ, ಆ ತಿಂಗಳ ಉತ್ಪಾದನೆಯನ್ನು ಪಕ್ಕದಲ್ಲಿ ಬರೆಯಿರಿ. ಆಮೇಲೆ ಶೆಡ್ಡಿಗೆ ಹೋಗಿ ಈಗಿರುವ ಸೂಪರ್‌ವೈಸರನ್ನೇ ಕೇಳಿ: ತಿಂಗಳಿಗೆ ಎಷ್ಟು ಮುಚ್ಚಳ ದಾಟಿದರೆ ಇನ್ನು ನನ್ನಿಂದಾಗದು, ಇನ್ನೊಬ್ಬರನ್ನು ಕೊಡಿ ಎನ್ನುತ್ತೀರಿ? ಅವರು ಹೇಳುವ ಸಂಖ್ಯೆ ಪುಸ್ತಕದ ಸಂಖ್ಯೆಗಿಂತ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಅದನ್ನೇ ನಂಬಿ.

ಮುಂದಿನ ಸಲ ಕೊಟೇಶನ್ ತಯಾರಿಸುವಾಗ ದರದ ಕೆಳಗೆ ಇನ್ನೊಂದು ಸಾಲು ಸೇರಿಸಿ: ಈ ದರ ತಿಂಗಳಿಗೆ ಒಟ್ಟು 90,000 ಮುಚ್ಚಳದವರೆಗೆ ಮಾತ್ರ. ಗಿರಾಕಿಗೆ ತೋರಿಸುವ ಪ್ರತಿಯಲ್ಲಿ ಬೇಡವೆನಿಸಿದರೆ, ನಿಮ್ಮ ಫೈಲಿನ ಪ್ರತಿಯಲ್ಲಾದರೂ ಇರಲಿ.