ಬಾಯಲ್ಲಿ ಕೇಳುವ ಪ್ರಶ್ನೆ, ವಿಡಿಯೊ ಕೆಳಗಿನ ವಿವರಣೆ

ಫೋನಿನಲ್ಲಿ ಟೈಪ್ ಮಾಡಿ ಹುಡುಕುವವರು ಎರಡು ಮೂರು ಪದಗಳಲ್ಲಿ ಕೆಲಸ ಮುಗಿಸುತ್ತಾರೆ. ಮೈಕ್ ಒತ್ತಿ ಮಾತಾಡುವವರು ಪಕ್ಕದ ಮನೆಯವರನ್ನು ಕೇಳಿದಂತೆ ಇಡೀ ವಾಕ್ಯವನ್ನೇ ಕೇಳುತ್ತಾರೆ. ಟೈಪ್ ಮಾಡುವಾಗ ‘ಗಟ್ಟಿ ಮೊಸರು’ ಎನ್ನುವವರು ಮೈಕಿನಲ್ಲಿ ‘ಚಳಿಗಾಲದಲ್ಲಿ ಮೊಸರು ಯಾಕೆ ಗಟ್ಟಿ ಆಗಲ್ಲ’ ಎನ್ನುತ್ತಾರೆ. 2017ರಲ್ಲಿ ಗೂಗಲ್‌ನ ಧ್ವನಿ ಹುಡುಕಾಟಕ್ಕೆ ಕನ್ನಡವೂ ಸೇರಿದ ಮೇಲೆ ಇಂಥ ಪ್ರಶ್ನೆಯನ್ನು ಕನ್ನಡದಲ್ಲೇ ಕೇಳುವುದು ಸುಲಭವಾಯಿತು.

ಯೂಟ್ಯೂಬ್‌ನಲ್ಲಿ ವಿಡಿಯೊದ ಕೆಳಗೆ ಬರೆಯುವ ವಿವರಣೆಗೆ 5,000 ಅಕ್ಷರಗಳವರೆಗೆ ಜಾಗವಿದೆ. ಆದರೆ ನೋಡುಗರಿಗೆ ಮೊದಲು ಕಾಣುವುದು ಆರಂಭದ ಒಂದೆರಡು ಸಾಲು ಮಾತ್ರ. ಉಳಿದದ್ದನ್ನು ಒತ್ತಿ ತೆರೆಯಬೇಕು. ಹಾಗಾಗಿ ಮುಖ್ಯ ಪ್ರಶ್ನೆಯೂ ಅದರ ಉತ್ತರವೂ ಅಲ್ಲೇ ಬರಬೇಕು. ಮೊಸರಿನ ವಿಡಿಯೊಗೆ ‘ರುಚಿಕರ ಗಟ್ಟಿ ಮೊಸರು, ಸುಲಭ ವಿಧಾನ’ ಎಂದು ಬರೆದರೆ ಯಾರ ಪ್ರಶ್ನೆಯೂ ಅದರಲ್ಲಿಲ್ಲ. ಬದಲಿಗೆ ಹೀಗೆ ಬರೆಯಬಹುದು: ‘ಚಳಿಗಾಲದಲ್ಲಿ ಮೊಸರು ಯಾಕೆ ಗಟ್ಟಿ ಆಗಲ್ಲ? ಹಾಲು ಬೇಗ ತಣ್ಣಗಾಗುವುದರಿಂದ ಹೆಪ್ಪು ಕೂರುವುದಿಲ್ಲ. ಉಗುರುಬೆಚ್ಚಗಿನ ಹಾಲಿಗೆ ಸ್ವಲ್ಪ ಹೆಚ್ಚು ಹೆಪ್ಪು ಹಾಕಿ, ಪಾತ್ರೆಗೆ ದಪ್ಪ ಬಟ್ಟೆ ಸುತ್ತಿಡಿ.’

ಪ್ರಶ್ನೆಯನ್ನು ಆಡುಮಾತಿನಲ್ಲೇ ಬರೆಯುವುದು ಒಳ್ಳೆಯದು. ‘ಏಕೆ ಗಟ್ಟಿಯಾಗುವುದಿಲ್ಲ’ ಎಂದು ಮೈಕಿಗೆ ಹೇಳುವವರು ಕಡಿಮೆ. ಉತ್ತರ ಮಾತ್ರ ಬರಹದ ಕನ್ನಡದಲ್ಲಿರಲಿ, ಆಗ ಎರಡೂ ರೂಪಗಳು ಸಹಜವಾಗಿ ಸೇರಿಕೊಳ್ಳುತ್ತವೆ. ಇನ್ನೂ ಒಂದೆರಡು ಪ್ರಶ್ನೆಗಳಿದ್ದರೆ ಅವುಗಳನ್ನು ವಿಡಿಯೊದ ಅಧ್ಯಾಯಗಳ ಹೆಸರಾಗಿಸಬಹುದು. ಅದಕ್ಕೆ 0:00ಯಿಂದ ಶುರುವಾಗುವ ಕನಿಷ್ಠ ಮೂರು ಸಮಯಸೂಚಿಗಳನ್ನು ವಿವರಣೆಯಲ್ಲಿ ಬರೆಯಬೇಕು. ಉತ್ತರ ಎಲ್ಲಿದೆ ಎಂಬುದು ಆಗ ನೇರವಾಗಿ ಸಿಗುತ್ತದೆ.

ಪ್ರಶ್ನೆಗಳನ್ನು ಊಹಿಸಿ ಬರೆಯಬೇಕಾಗಿಲ್ಲ. ನೋಡುಗರ ಕಾಮೆಂಟುಗಳಲ್ಲಿ ಅವು ಅವರದೇ ಮಾತಿನಲ್ಲಿ ಇರುತ್ತವೆ. ಯೂಟ್ಯೂಬ್ ಸ್ಟುಡಿಯೊದ ಅನಲಿಟಿಕ್ಸ್ ಕೂಡ ಜನ ಏನೆಂದು ಹುಡುಕಿ ವಿಡಿಯೊಗೆ ಬಂದರು ಎಂಬುದನ್ನು ತೋರಿಸುತ್ತದೆ. ಮಾತಾಡಿ ಹುಡುಕಿದರೋ ಟೈಪ್ ಮಾಡಿದರೋ ಎಂಬುದನ್ನು ಅದು ಬೇರ್ಪಡಿಸುವುದಿಲ್ಲ. ‘ಯಾಕೆ’, ‘ಹೇಗೆ’, ‘ಎಷ್ಟು’ ಇರುವ ಉದ್ದದ ಸಾಲುಗಳು ಒಂದು ಸುಳಿವು, ಅಷ್ಟೆ. ವಿವರಣೆ ಬದಲಿಸಿದ ಮೇಲೆ ಅಂಥ ಸಾಲುಗಳು ಹೆಚ್ಚುತ್ತಿವೆಯೇ ಎಂದು ಕೆಲವು ವಾರ ಬಿಟ್ಟು ನೋಡಬೇಕು.

ಕೆಲಸ ಕೆಡುವುದು ಅತಿಯಾಸೆಯಿಂದ. ಒಂದೇ ಪ್ರಶ್ನೆಯನ್ನು ಹತ್ತು ರೀತಿ ತಿರುಚಿ ತುರುಕಿದರೆ ಓದುವವರಿಗೆ ಕಿರಿಕಿರಿ, ಯೂಟ್ಯೂಬ್‌ನ ನಿಯಮಕ್ಕೂ ಅದು ವಿರುದ್ಧ. ವಿಡಿಯೊದಲ್ಲಿ ಉತ್ತರವಿಲ್ಲದ ಪ್ರಶ್ನೆಯನ್ನು ಬರೆಯುವುದು ಇನ್ನೂ ಕೆಟ್ಟದ್ದು: ಬಂದವರು ಅರ್ಧ ನಿಮಿಷದಲ್ಲೇ ಹೊರಟುಹೋಗುತ್ತಾರೆ, ಜನ ಎಷ್ಟು ಹೊತ್ತು ನೋಡಿದರು ಎಂಬುದೂ ಹುಡುಕಾಟದಲ್ಲಿ ಲೆಕ್ಕಕ್ಕೆ ಬರುತ್ತದೆ. ಒಂದು ವಿಡಿಯೊಗೆ ಎರಡು ಮೂರು ಪ್ರಶ್ನೆ ಸಾಕು.