ಮೊಬೈಲಿನ ಹಸಿರು ಡಬ್ಬಿಗೆ ಇಳಿಯುವುದಿಲ್ಲ

‘ಪ್ರೆಸ್ಸಿನವನು ಬಣ್ಣ ಕೆಡಿಸಿಬಿಟ್ಟ ಸಾರ್’ ಎಂಬ ದೂರು ಕೇಳಿ ಕೇಳಿ ಸಾಕಾಗಿದೆ. ಹೆಚ್ಚಿನ ಸಲ ಅವನ ತಪ್ಪೇನೂ ಇರುವುದಿಲ್ಲ. ಮೊಬೈಲಿನಲ್ಲಿ ಕಂಡ ಬಣ್ಣ ಹಾಗೆಹಾಗೇ ಕಾಗದದ ಮೇಲೂ ಮೂಡುತ್ತದೆ, ಒಂದು ಹೆಕ್ಸ್ ಕೋಡ್ ಬರೆದುಕೊಟ್ಟರೆ ಸ್ಟೈಲ್ ಗೈಡ್ ಮುಗಿಯಿತು ಎಂಬ ನಂಬಿಕೆಯದೇ ಇಷ್ಟೆಲ್ಲ ಕಿತಾಪತಿ.

ಒಂದು ಉಪ್ಪಿನಕಾಯಿ ಅಂಗಡಿ ಅಂದುಕೊಳ್ಳಿ. ಮಾಲೀಕರು ಫೋನಿನಲ್ಲಿ ಕಣ್ಣು ಕೋರೈಸುವ ಹಸಿರು ಆರಿಸಿದರು: #00FF00. ಪರದೆಯಲ್ಲಿ ಅದು ಬೆಳಕು. ಪ್ರೆಸ್ಸಿನಲ್ಲಿರುವುದು ಸಯಾನ್, ಮೆಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಇಂಕು. ಅವನ್ನು ಹೇಗೆ ಬೆರೆಸಿದರೂ ಆ ಹಸಿರು ಹುಟ್ಟುವುದಿಲ್ಲ. ಹುಟ್ಟಿದ ಹಸಿರು ಕೂಡ ಆರ್ಟ್ ಪೇಪರಿನಲ್ಲಿ ಹೊಳೆದರೆ, ಕೋಟಿಂಗ್ ಇಲ್ಲದ ಕಾಗದ ಇಂಕನ್ನು ಹೀರಿಕೊಂಡು ಅದನ್ನು ಮಂಕಾಗಿಸುತ್ತದೆ. ಕಂದು ಕ್ರಾಫ್ಟ್ ಡಬ್ಬಿಯ ಕಥೆ ಇನ್ನೂ ಕಷ್ಟ. ಇಂಕು ಪಾರದರ್ಶಕ, ಹಾಗಾಗಿ ಅಡಿಯ ಕಂದು ಮೇಲೆ ಬಂದೇ ಬರುತ್ತದೆ.

ಹಾಗಾಗಿ ಆಯ್ಕೆ ಅಚ್ಚಾದ ಕಲರ್ ಚಾರ್ಟಿನಿಂದ ಶುರುವಾಗಬೇಕು. ಸಯಾನ್ 75, ಮೆಜೆಂಟಾ 0, ಹಳದಿ 100, ಕಪ್ಪು 0 ಎಂಬ ಹಸಿರು ಒಪ್ಪಿಗೆಯಾಯಿತೆನ್ನಿ. ಪರದೆಯಲ್ಲಿ ಅದಕ್ಕೆ ಹತ್ತಿರದ್ದು #39B54A. ಗೈಡಿನಲ್ಲಿ ಎರಡನ್ನೂ ಬರೆಯಿರಿ, ಅಚ್ಚಿನದು ಮೊದಲು. ಟೀ-ಶರ್ಟಿನ ಸ್ಕ್ರೀನ್ ಪ್ರಿಂಟಿಂಗಿನವರು ಇಂಕನ್ನು ಬೆರೆಸಿಕೊಂಡೇ ಹಚ್ಚುವವರು, ಅವರಿಗೆ ಪ್ಯಾಂಟೋನ್ ನಂಬರ್ ಬೇಕು. ಕ್ರಾಫ್ಟ್ ಡಬ್ಬಿಗೆ ‘ಕಪ್ಪು ಲೋಗೊ ಮಾತ್ರ’ ಎಂದು ನಿಯಮವನ್ನೇ ಮಾಡಿಬಿಡಿ. ಫ್ಲೆಕ್ಸ್ ಮಷೀನು ಅದೇ ಅಂಕಿಗಳಿಗೆ ಬೇರೆಯೇ ಬಣ್ಣ ಕೊಡಬಹುದು. ಅಲ್ಲಿ ಮೊದಲು ಅಂಗೈಯಗಲದ ಸ್ಯಾಂಪಲ್ ಹೊಡೆಸಿ, ಹಗಲು ಬೆಳಕಿನಲ್ಲಿ ನೋಡಿ, ಒಪ್ಪಿದರೆ ಹಿಂದೆ ಸಹಿ, ತಾರೀಖು ಹಾಕಿ ಕವರಿನಲ್ಲಿಡಿ. ಬಿಸಿಲಿಗೆ ಬಿಟ್ಟರೆ ಸ್ಯಾಂಪಲ್ಲೂ ಬಿಳಿಚಿಕೊಳ್ಳುತ್ತದೆ. ಮುಂದಿನ ಸಲ ಬಣ್ಣದ ಜಗಳ ಬಂದರೆ ತೀರ್ಪು ಹೇಳುವುದು ಆ ತುಂಡು, ಫೋನಲ್ಲ.

ಸೀರೆಗೆ ಬ್ಲೌಸ್ ಪೀಸ್ ಹೊಂದಿಸುವಾಗ ಅಂಗಡಿಯ ಲೈಟು ನಂಬದೆ ಬಟ್ಟೆಯನ್ನು ಬೀದಿಗೆ ತಂದು ನೋಡುವ ಜನ ನಾವು. ಅದೇ ಜನ ಸಾವಿರಾರು ಡಬ್ಬಿಗೆ ಆರ್ಡರ್ ಕೊಡುವಾಗ ಬ್ರೈಟ್‌ನೆಸ್ ಏರಿಸಿದ ಪರದೆಯನ್ನು ಕಣ್ಣುಮುಚ್ಚಿ ನಂಬುತ್ತಾರೆ. ಹೊಳೆಯುವುದನ್ನೆಲ್ಲ ಪ್ರಮಾಣ ಎಂದುಕೊಳ್ಳುವ ಈ ಚಾಳಿ ಎಲ್ಲಿಂದ ಬಂತೋ!

ಉಳಿದ ನಂಬಿಕೆಗಳಿಗೆ ಒಂದೊಂದೇ ಮಾತು. ವಾಟ್ಸ್ಆ್ಯಪಿನಲ್ಲಿ ಫೋಟೊ ಆಗಿ ಬಂದ ಲೋಗೊ ಬೋರ್ಡಿನ ಅಳತೆಗೆ ಹಿಗ್ಗಿದರೆ ಅಂಚೆಲ್ಲ ಒಡೆಯುತ್ತದೆ, ವೆಕ್ಟರ್ ಪಿಡಿಎಫ್ ಕೊಡಿ. ಗೈಡ್ ಅರವತ್ತು ಪುಟ ಇರಬೇಕಿಲ್ಲ, ಫ್ಲೆಕ್ಸ್ ಅಂಗಡಿಯ ಹುಡುಗ ಎರಡು ಪುಟ ಓದಿದರೆ ಅದೇ ಹೆಚ್ಚು. ಸಣ್ಣ ಅಕ್ಷರಗಳಿಗೆ ಬರೀ ಕಪ್ಪು ಇಂಕು ಸಾಕು, ನಾಲ್ಕೂ ಬೆರೆಸಿದರೆ ಪ್ಲೇಟು ಕೂದಲೆಳೆಯಷ್ಟು ಸರಿದರೂ ಅಕ್ಷರಕ್ಕೆ ನೆರಳು ಹುಟ್ಟುತ್ತದೆ. ಇನ್ನು ‘ಫಾಂಟ್ ಹೆಸರು ಹೇಳಿದ್ದೀನಲ್ಲ’ ಅನ್ನುವವರು, ನುಡಿಯ ಹಳೆಯ ಫಾಂಟಿನಲ್ಲಿ ಟೈಪಾದ ಅಂಗಡಿಯ ಹೆಸರನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಒಮ್ಮೆ ತೆರೆದು ನೋಡಲಿ. ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು ಕಲಸುಮೇಲೋಗರವಾಗಿ ಕೂತಿರುತ್ತವೆ. ಕೋರೆಲ್‌ಡ್ರಾದಲ್ಲಿ ಅಕ್ಷರಗಳನ್ನು ಕರ್ವ್ಸ್‌ಗೆ ಬದಲಿಸಿಯೇ ಫೈಲು ಕಳಿಸಿ.