ರಿಪೋರ್ಟ್ ಕೊಡುವುದು ಮೆಶೀನ್ ಅಲ್ಲ

ತಪ್ಪು ಕಲ್ಪನೆ: ಲ್ಯಾಬ್ ಟೆಕ್ನಿಷಿಯನ್ ಕೆಲಸದಲ್ಲಿ ಏನಿದೆ? ರಕ್ತ ಹಾಕಿ ಬಟನ್ ಒತ್ತಿದರೆ ಉಳಿದದ್ದನ್ನು ಮೆಶೀನ್ ನೋಡಿಕೊಳ್ಳುತ್ತದೆ.

ಬಿಕ್ಕೋಡು ಸುತ್ತಮುತ್ತ ಪಿಯುಸಿ ಸೈನ್ಸ್ ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ನೀಟ್ ಕೈಕೊಟ್ಟ ಮಕ್ಕಳಿಗೆ ಇದನ್ನೇ ಸಮಾಧಾನವಾಗಿ ಹೇಳುತ್ತಾರೆ, ಇದನ್ನೇ ಹೀಯಾಳಿಕೆಯಾಗಿಯೂ ಹೇಳುತ್ತಾರೆ. ಎರಡೂ ತಪ್ಪು.

ಸತ್ಯ ಏನೆಂದು ಒಂದು ಟ್ಯೂಬಿನಿಂದಲೇ ತೋರಿಸಬಹುದು. ಸುಸ್ತು ಎಂದು ಬಂದವರೊಬ್ಬರ ರಕ್ತ ಲ್ಯಾಬಿಗೆ ಬಂತು ಎಂದುಕೊಳ್ಳಿ. ಮೆಶೀನ್ ಪೊಟ್ಯಾಸಿಯಂ 7.6 ಎಂದು ಅಚ್ಚುಕಟ್ಟಾಗಿ ಮುದ್ರಿಸುತ್ತದೆ. ಇರಬೇಕಾದದ್ದು ಸುಮಾರು 3.5ರಿಂದ 5. ಏಳು ದಾಟಿದರೆ ಯಾವ ಗಳಿಗೆಯಲ್ಲಾದರೂ ಹೃದಯದ ಬಡಿತ ತಪ್ಪಬಹುದು. ಡಾಕ್ಟರ್ ಈ ಅಂಕಿಯನ್ನು ನಂಬಿದರೆ ಇನ್ಸುಲಿನ್, ಗ್ಲೂಕೋಸ್, ಕ್ಯಾಲ್ಸಿಯಂ ಇಂಜೆಕ್ಷನ್ ಎಂದು ತುರ್ತು ಚಿಕಿತ್ಸೆ ಶುರುವಾಗುತ್ತದೆ. ಪೊಟ್ಯಾಸಿಯಂ ನಿಜಕ್ಕೂ ಏರಿಲ್ಲದಿದ್ದರೆ ಆ ಇನ್ಸುಲಿನ್ನೇ ಅಪಾಯ.

ಕಲಿತ ಟೆಕ್ನಿಷಿಯನ್ ಆ ಒಂದು ಅಂಕಿಗೆ ನಿಲ್ಲುವುದಿಲ್ಲ. ಮೊದಲು ಟ್ಯೂಬನ್ನು ಎತ್ತಿ ನೋಡುತ್ತಾರೆ. ಮೇಲೆ ನಿಂತ ಸೀರಂ ಕೆಂಪಾಗಿದ್ದರೆ ರಕ್ತಕಣ ಒಡೆದು ಒಳಗಿನ ಪೊಟ್ಯಾಸಿಯಂ ಹೊರಬಂದಿದೆ ಎಂದರ್ಥ. ಇಲ್ಲಿ ಸೀರಂ ತಿಳಿ ಹಳದಿಯಾಗಿಯೇ ಇದೆ. ಆಮೇಲೆ ಪಕ್ಕದ ಅಂಕಿಗಳು. ಕ್ಯಾಲ್ಸಿಯಂ 9ರ ಆಸುಪಾಸು ಇರಬೇಕಾದದ್ದು 4ಕ್ಕೆ ಇಳಿದಿದೆ. ಕ್ರಿಯಾಟಿನಿನ್ ಮಾತ್ರ ಸರಿಯಾಗಿದೆ, ಅಂದರೆ ಕಿಡ್ನಿ ಕೆಟ್ಟ ಲಕ್ಷಣವಿಲ್ಲ. ರೋಗಿ ಹೊರಗೆ ಬೆಂಚಿನ ಮೇಲೆ ಕೂತು ಮಾತಾಡುತ್ತಿದ್ದಾರೆ.

ಇಷ್ಟು ಸಿಕ್ಕರೆ ಕಾರಣ ಹೊಳೆಯುತ್ತದೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇಡಿಟಿಎ ಎಂಬ ಲವಣ ಇರುತ್ತದೆ. ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಆ ಲವಣದಲ್ಲೇ ಪೊಟ್ಯಾಸಿಯಂ ಇದೆ. ಕೆಂಪು ಮುಚ್ಚಳದ ಟ್ಯೂಬಿಗೆ ರಕ್ತ ಸಾಲದೆ ಹೋದಾಗ ಯಾರೋ ನೇರಳೆಯದರಿಂದ ಸ್ವಲ್ಪ ಸುರಿದಿದ್ದಾರೆ. ಹಾಗಾಗಿ ಒಂದು ಏರಿತು, ಇನ್ನೊಂದು ಇಳಿಯಿತು. ಟೆಕ್ನಿಷಿಯನ್ ರಿಪೋರ್ಟ್ ತಡೆಹಿಡಿದು, ವಾರ್ಡಿಗೆ ಫೋನ್ ಮಾಡಿ, ಕೆಂಪು ಟ್ಯೂಬ್ ಮೊದಲು, ನೇರಳೆ ಆಮೇಲೆ ಎಂದು ಹೇಳಿ ಹೊಸ ಸ್ಯಾಂಪಲ್ ತರಿಸುತ್ತಾರೆ. ಈ ಸಲ 4.2. ಸ್ಯಾಂಪಲ್ ತಿರಸ್ಕರಿಸಿದ ಕಾರಣವನ್ನು ರಿಜಿಸ್ಟರಿನಲ್ಲಿ ಬರೆಯುತ್ತಾರೆ. ರೋಗ ಯಾವುದೆಂದು ಹೇಳುವುದು ಅವರ ಕೆಲಸವಲ್ಲ. ಆ ರಕ್ತವನ್ನು ನಂಬಬಹುದೇ ಎಂದು ಹೇಳುವುದು ಅವರದೇ ಕೆಲಸ. ಮೆಶೀನಿಗೆ ಕೊಟ್ಟದ್ದನ್ನು ಅಳೆಯುವುದು ಗೊತ್ತು, ಕೊಟ್ಟದ್ದು ಸರಿಯೇ ಎಂದು ಕೇಳುವುದು ಗೊತ್ತಿಲ್ಲ.

ನಮ್ಮಂಥ ಹೋಬಳಿಗಳಲ್ಲಿ ಇನ್ನೂ ಒಂದು ತೊಡಕು ಇದೆ. ಇಲ್ಲಿ ತೆಗೆದ ಸ್ಯಾಂಪಲ್ ಎಷ್ಟೋ ಸಲ ಬೇಲೂರಿಗೋ ಹಾಸನಕ್ಕೋ ಹೋಗಬೇಕು. ಸಾದಾ ಟ್ಯೂಬಿನಲ್ಲಿಟ್ಟ ರಕ್ತದಲ್ಲಿ ಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ. ಗಂಟೆಗೆ ಸುಮಾರು ಶೇ. 5ರಿಂದ 7ರಷ್ಟು ಇಳಿಯುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 130 ಇದ್ದದ್ದು ಮೂರು ಗಂಟೆ ಕಳೆದು 110ರ ಹತ್ತಿರ ಬರಬಹುದು. 126 ದಾಟಿದರೆ ಸಕ್ಕರೆ ಕಾಯಿಲೆ. ಹೀಗೆ ಅದಿರುವವರಿಗೇ ಇಲ್ಲ ಎಂಬ ಚೀಟಿ ಸಿಗುತ್ತದೆ. ಬೇಗ ಸೀರಂ ಬೇರ್ಪಡಿಸುವುದು, ಆಗದಿದ್ದರೆ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಬಳಸುವುದು ಇದಕ್ಕೇ. ಫ್ಲೋರೈಡ್ ಕೂಡ ಮೊದಲ ಒಂದೆರಡು ಗಂಟೆಯ ಇಳಿಕೆಯನ್ನು ಪೂರ್ತಿ ತಡೆಯುವುದಿಲ್ಲ ಎಂಬುದೂ ಟೆಕ್ನಿಷಿಯನ್‌ಗೆ ಗೊತ್ತಿರಬೇಕು.

ಉಳಿದ ಕಲ್ಪನೆಗಳಿಗೆ ಒಂದೊಂದೇ ಮಾತು ಸಾಕು.

ಫಿಸಿಯೋಥೆರಪಿ ಅಂದರೆ ಮಸಾಜ್: ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡವರು ಯಾವ ದಿನ ಎಷ್ಟು ಭಾರ ಊರಬೇಕೆಂದು ಸರ್ಜನ್ ಜೊತೆ ಸೇರಿ ನಿರ್ಧರಿಸಿ, ಅವರನ್ನು ಹಂತ ಹಂತವಾಗಿ ನಡೆಸುವ ವಿದ್ಯೆ ಅದು.

ನರ್ಸಿಂಗ್ ಹುಡುಗಿಯರಿಗೆ ಮಾತ್ರ: ಗಂಡುಮಕ್ಕಳೂ ಜಿಎನ್‌ಎಂ, ಬಿಎಸ್ಸಿ ನರ್ಸಿಂಗ್ ಓದಿ ಐಸಿಯು, ಆಪರೇಷನ್ ಥಿಯೇಟರ್‌ಗಳಲ್ಲಿ ದುಡಿಯುತ್ತಿದ್ದಾರೆ.

ಇವೆಲ್ಲ ಕಾನೂನಿಲ್ಲದ ಕೋರ್ಸುಗಳು: ಲ್ಯಾಬ್, ಫಿಸಿಯೋಥೆರಪಿ ಮುಂತಾದವಕ್ಕೆ 2021ರಲ್ಲಿ ಸಂಸತ್ತೇ ಪ್ರತ್ಯೇಕ ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿದೆ, ನರ್ಸಿಂಗ್‌ಗೆ 1947ರಿಂದಲೇ ಕಾಯ್ದೆ ಇದೆ.

ಬಟನ್ ಒತ್ತುವ ಕೆಲಸ ಎಂದು ನಂಬಿದ ಮನೆಯವರೇ ಆರು ತಿಂಗಳಲ್ಲಿ ಸರ್ಟಿಫಿಕೇಟ್, ಕೆಲಸ ಗ್ಯಾರಂಟಿ ಎಂಬ ಏಜೆಂಟನ ಮಾತನ್ನೂ ನಂಬುತ್ತಾರೆ. ಕೆಲಸ ಸುಲಭ ಎಂದುಕೊಂಡವರಿಗೆ ಕೋರ್ಸ್ ಚಿಕ್ಕದಾದಷ್ಟೂ ಲಾಭವೆಂದೇ ಕಾಣುತ್ತದೆ. ಹಸು ಕೊಳ್ಳುವಾಗ ಹಲ್ಲು ಎಣಿಸಿ, ಹಾಲು ಕರೆದು ನೋಡುವ ಜನ ಮಗಳ ಓದಿಗೆ ಕರಪತ್ರ ನೋಡಿ ಹಣ ಕಟ್ಟುವುದು ನನಗೆ ಸಹಿಸಲಾಗದು. ಡಿಪ್ಲೊಮಾ ಆದರೆ ರಾಜ್ಯದ ಪ್ಯಾರಾ ಮೆಡಿಕಲ್ ಬೋರ್ಡ್, ಪದವಿ ಆದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಂಥ ವಿಶ್ವವಿದ್ಯಾಲಯ ಆ ಕಾಲೇಜಿಗೆ ಮಾನ್ಯತೆ ಕೊಟ್ಟಿದೆಯೇ ಎಂದು ಮೊದಲು ಕೇಳಿ. ಆಮೇಲೆ, ವಿದ್ಯಾರ್ಥಿಗಳು ಯಾವ ಆಸ್ಪತ್ರೆಯ ಲ್ಯಾಬಿನಲ್ಲಿ ಕಲಿಯುತ್ತಾರೆ, ಅಲ್ಲಿಗೆ ದಿನಕ್ಕೆ ಎಷ್ಟು ಸ್ಯಾಂಪಲ್ ಬರುತ್ತವೆ, ಸ್ಯಾಂಪಲ್ ತಿರಸ್ಕರಿಸಿದ ರಿಜಿಸ್ಟರ್ ಇಡುತ್ತಾರೆಯೇ ಎಂದು ಕೇಳಿ. ಆ ರಿಜಿಸ್ಟರ್ ಇಲ್ಲದ ಕಡೆ ನಿಮ್ಮ ಮಗುವಿಗೆ ಬಟನ್ ಒತ್ತುವುದನ್ನೇ ಕಲಿಸುತ್ತಾರೆ. ಅಲ್ಲಿ ಫೀಸು ಕಟ್ಟಬೇಡಿ.